ನಾಲ್ಕಂಕೆಯ ಸೆವೆನ್ ಸೆಗ್ಮೆಂಟ್ ಡಿಸ್‌ಪ್ಲೇ: ಟೈಮರ್ ಇಂಟರಪ್ಟ್‌ನಿಂದ ನಡೆಸುವಾಗ ಯಾವ ದಾರಿಯನ್ನು ಆರಿಸಬೇಕು

ನಾಲ್ಕಂಕೆಯ ಸೆವೆನ್ ಸೆಗ್ಮೆಂಟ್ ಡಿಸ್‌ಪ್ಲೇಯಲ್ಲಿ ಚುಕ್ಕಿಯೂ ಸೇರಿ ಪ್ರತಿ ಅಂಕೆಗೆ ಎಂಟು ಎಲ್‌ಇಡಿಗಳಿರುತ್ತವೆ, ಒಟ್ಟು ಮೂವತ್ತೆರಡು. ಆದರೆ ಸಾಮಾನ್ಯವಾಗಿ ಸಿಗುವ ಮಾಡ್ಯೂಲ್‌ಗೆ ಇರುವುದು ಹನ್ನೆರಡೇ ಕಾಲುಗಳು: ಎಂಟು ಸೆಗ್ಮೆಂಟ್ ತಂತಿಗಳು ನಾಲ್ಕೂ ಅಂಕೆಗಳಿಗೆ ಹಂಚಿಕೆಯಾಗಿರುತ್ತವೆ, ಉಳಿದ ನಾಲ್ಕು ತಂತಿಗಳು ಯಾವ ಅಂಕೆ ಉರಿಯಬೇಕು ಎಂಬುದನ್ನು ನಿರ್ಧರಿಸುತ್ತವೆ. ಹೀಗಾಗಿ ಒಂದು ಕ್ಷಣಕ್ಕೆ ಒಂದೇ ಅಂಕೆಯನ್ನು ಬೆಳಗಿಸಿ, ಬೇಗಬೇಗನೆ ಸರದಿ ಬದಲಿಸಿ, ನಾಲ್ಕೂ ಒಟ್ಟಿಗೆ ಉರಿಯುತ್ತಿವೆ ಎಂದು ಕಣ್ಣಿಗೆ ಕಾಣುವಂತೆ ಮಾಡಬೇಕಾಗುತ್ತದೆ. ಈ ಸರದಿಯನ್ನು ಯಾರು ಬದಲಿಸಬೇಕು, ಒಂದು ಸರದಿ ಎಷ್ಟು ಹೊತ್ತು ಇರಬೇಕು, ಅಂಕೆಯ ತಂತಿಯನ್ನು ಯಾವುದರಿಂದ ಸ್ವಿಚ್ ಮಾಡಬೇಕು, ಪಿನ್‌ಗಳು ಸಾಲದಿದ್ದರೆ ಏನು ಮಾಡಬೇಕು ಎಂಬ ಪ್ರತಿಯೊಂದು ಪ್ರಶ್ನೆಗೂ ಒಂದಕ್ಕಿಂತ ಹೆಚ್ಚು ಉತ್ತರಗಳಿವೆ. ಅವುಗಳನ್ನು ಹೋಲಿಸಲು ಇಲ್ಲಿ ಒಂದೇ ಉದಾಹರಣೆಯನ್ನು ಇಟ್ಟುಕೊಳ್ಳುತ್ತೇನೆ: 16 ಮೆಗಾಹರ್ಟ್ಝ್‌ನಲ್ಲಿ, 5 ವೋಲ್ಟ್‌ನಲ್ಲಿ ಓಡುವ ಎಟಿಮೆಗಾ328ಪಿ ಮತ್ತು ಕಾಮನ್ ಕ್ಯಾಥೋಡ್ ಇರುವ ಕೆಂಪು ಡಿಸ್‌ಪ್ಲೇ.

## ಸರದಿಯನ್ನು ಬದಲಿಸುವವರು ಯಾರು

ಮುಖ್ಯ ಲೂಪಿನೊಳಗೇ ಒಂದೊಂದು ಅಂಕೆಯನ್ನು ಬೆಳಗಿಸಿ, ಸ್ವಲ್ಪ ಕಾದು, ಮುಂದಿನದಕ್ಕೆ ಹೋಗುವುದು ಬರೆಯಲು ಅತಿ ಸುಲಭವಾದ ದಾರಿ. ಪ್ರೋಗ್ರಾಂ ಸಂಖ್ಯೆಯನ್ನು ತೋರಿಸುವುದನ್ನು ಬಿಟ್ಟು ಬೇರೇನನ್ನೂ ಮಾಡದಿದ್ದರೆ ಇದರಲ್ಲಿ ತಪ್ಪಿಲ್ಲ. ಆದರೆ ತೋರಿಸಬೇಕಾದ ಸಂಖ್ಯೆ ಎಲ್ಲಿಂದಲಾದರೂ ಬರಲೇಬೇಕಲ್ಲ, ತೊಂದರೆ ಅಲ್ಲಿಂದಲೇ ಶುರುವಾಗುತ್ತದೆ. ಡಿಎಸ್18ಬಿ20 ತಾಪಮಾನ ಸೆನ್ಸರ್ 12 ಬಿಟ್ ನಿಖರತೆಯಲ್ಲಿ ಒಂದು ಅಳತೆಗೆ 750 ಮಿಲಿಸೆಕೆಂಡಿನವರೆಗೆ ತೆಗೆದುಕೊಳ್ಳುತ್ತದೆ. ಲೂಪು ಅದಕ್ಕಾಗಿ ಕಾಯುತ್ತ ನಿಂತರೆ, ಆ ಹೊತ್ತಿಗೆ ಉರಿಯುತ್ತಿದ್ದ ಒಂದು ಅಂಕೆ ಮಾತ್ರ ನಾಲ್ಕು ಪಟ್ಟು ಪ್ರಕಾಶದಲ್ಲಿ ಉರಿಯುತ್ತಲೇ ಇರುತ್ತದೆ, ಉಳಿದ ಮೂರು ಕತ್ತಲಾಗುತ್ತವೆ. ಕಾಯುವುದು 20 ಮಿಲಿಸೆಕೆಂಡು ಮಾತ್ರ ಎಂದಿಟ್ಟುಕೊಂಡರೂ ಕಣ್ಣು ಅದನ್ನು ಮಿಣುಕಾಗಿ ಗುರುತಿಸುತ್ತದೆ.

ಟೈಮರ್ ಇಂಟರಪ್ಟ್ ಬಳಸಿದಾಗ ಸರದಿ ಬದಲಿಸುವ ಕೆಲಸ ಮುಖ್ಯ ಲೂಪಿನ ಕೈಯಿಂದ ಪೂರ್ತಿಯಾಗಿ ತಪ್ಪಿಹೋಗುತ್ತದೆ. ಲೂಪು ತನ್ನ ಲೆಕ್ಕವನ್ನು ತನ್ನ ವೇಗದಲ್ಲಿ ಮಾಡಿ, ಫಲಿತಾಂಶವನ್ನು ನಾಲ್ಕು ಬೈಟುಗಳ ಒಂದು ಬಫರಿನಲ್ಲಿ ಇಡುತ್ತದೆ. ಇಂಟರಪ್ಟ್ ಆ ಬಫರನ್ನು ಓದಿ ಪಿನ್‌ಗಳಿಗೆ ಬರೆಯುತ್ತದೆ, ಅದರಾಚೆಗೆ ಏನನ್ನೂ ಮಾಡುವುದಿಲ್ಲ.

ಬಫರಿನಲ್ಲಿ ಸಂಖ್ಯೆಯನ್ನು ಇಡಬೇಕೋ ಸೆಗ್ಮೆಂಟ್ ವಿನ್ಯಾಸಗಳನ್ನು ಇಡಬೇಕೋ ಎಂಬುದೂ ಒಂದು ಆಯ್ಕೆ. ಸಂಖ್ಯೆಯನ್ನೇ ಇಟ್ಟು, ಇಂಟರಪ್ಟಿನೊಳಗೆ ಹತ್ತರಿಂದ ಭಾಗಿಸಿ ಅಂಕೆಗಳನ್ನು ಬಿಡಿಸಿಕೊಳ್ಳುವ ಪ್ರೋಗ್ರಾಂಗಳನ್ನು ಅಲ್ಲಲ್ಲಿ ನೋಡುತ್ತೇವೆ. ಇದರಲ್ಲಿ ಎರಡು ದೋಷಗಳಿವೆ. ಎಟಿಮೆಗಾದಲ್ಲಿ ಭಾಗಾಕಾರಕ್ಕೆ ಪ್ರತ್ಯೇಕ ಸೂಚನೆ ಇಲ್ಲದ ಕಾರಣ ಪ್ರತಿ ಭಾಗಾಕಾರವೂ ನಿಧಾನವಾಗುತ್ತದೆ ಎಂಬುದು ಒಂದು. ಅದಕ್ಕಿಂತ ಮುಖ್ಯವಾದದ್ದು, 16 ಬಿಟ್‌ನ ಸಂಖ್ಯೆಯನ್ನು ಈ 8 ಬಿಟ್‌ನ ಚಿಪ್ಪು ಎರಡು ಹಂತಗಳಲ್ಲಿ ಬರೆಯುತ್ತದೆ ಎಂಬುದು. ಲೂಪು 255ನ್ನು 256 ಮಾಡುವಾಗ ಮೇಲಿನ ಬೈಟು ಬದಲಾಗಿ ಕೆಳಗಿನದು ಇನ್ನೂ ಬದಲಾಗದ ಕ್ಷಣದಲ್ಲಿ ಇಂಟರಪ್ಟ್ ಬಂದರೆ, ಅದಕ್ಕೆ ಸಿಗುವ ಸಂಖ್ಯೆ 511. ಸೆಗ್ಮೆಂಟ್ ವಿನ್ಯಾಸಗಳ ಬಫರಿನಲ್ಲಿ ಈ ಅಪಾಯ ಇಲ್ಲ, ಏಕೆಂದರೆ ಇಂಟರಪ್ಟ್ ಒಮ್ಮೆಗೆ ಓದುವುದು ಒಂದೇ ಬೈಟು. 0999 ಹೋಗಿ 1000 ಬರುವಾಗ ಹಳೆಯ ಮತ್ತು ಹೊಸ ಅಂಕೆಗಳು ಒಂದು ಸುತ್ತಿನ ಮಟ್ಟಿಗೆ ಬೆರೆಯಬಹುದು, ಆದರೆ ನಾಲ್ಕು ಮಿಲಿಸೆಕೆಂಡಿನ ಆ ಬೆರಕೆಯನ್ನು ಯಾರ ಕಣ್ಣೂ ಹಿಡಿಯಲಾರದು.

## ಸರದಿಯ ಉದ್ದ ಮತ್ತು ಟೈಮರ್

ಒಂದು ಸರದಿಗೆ 5 ಮಿಲಿಸೆಕೆಂಡು ಕೊಟ್ಟರೆ ನಾಲ್ಕು ಅಂಕೆಗಳ ಒಂದು ಸುತ್ತಿಗೆ 20 ಮಿಲಿಸೆಕೆಂಡು ಬೇಕು, ಅಂದರೆ ಸೆಕೆಂಡಿಗೆ 50 ಸುತ್ತು. ನೇರವಾಗಿ ನೋಡುವಾಗಲೇ ಹಲವರಿಗೆ ಇದರಲ್ಲಿ ಮಿಣುಕು ಕಾಣುತ್ತದೆ, ಕಣ್ಣು ಹೊರಳಿಸಿದರೆ ಎಲ್ಲರಿಗೂ ಕಾಣುತ್ತದೆ. 2 ಮಿಲಿಸೆಕೆಂಡು ಕೊಟ್ಟರೆ 125 ಸುತ್ತು, 1 ಮಿಲಿಸೆಕೆಂಡು ಕೊಟ್ಟರೆ 250 ಸುತ್ತು. ಕೈಯಲ್ಲಿ ಹಿಡಿದು ಅಲುಗಾಡಿಸುವ ಉಪಕರಣಕ್ಕೆ ನಾನು 1 ಮಿಲಿಸೆಕೆಂಡನ್ನೇ ಆರಿಸುತ್ತೇನೆ, ಗೋಡೆಯ ಮೇಲಿರುವುದಕ್ಕೆ 2 ಸಾಕು. ಅದಕ್ಕಿಂತ ವೇಗ ಹೆಚ್ಚಿಸುತ್ತ ಹೋದಂತೆ ಕಣ್ಣಿಗೆ ಸಿಗುವ ಲಾಭ ಕಡಿಮೆಯಾಗುತ್ತದೆ. ಆದರೆ ಸರದಿ ಬದಲಾಗುವಾಗ ಟ್ರಾನ್ಸಿಸ್ಟರ್ ಆರಲು ಬೇಕಾದ ಸಮಯ ಮಾತ್ರ ಅಷ್ಟೇ ಇರುವುದರಿಂದ, ಸರದಿ ಚಿಕ್ಕದಾದಷ್ಟೂ ಅದರಲ್ಲಿ ವ್ಯರ್ಥವಾಗುವ ಪಾಲು ಬೆಳೆಯುತ್ತದೆ.

ಟೈಮರ್‌ಗಳಲ್ಲಿ ಟೈಮರ್ 2 ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. 16 ಮೆಗಾಹರ್ಟ್ಝ್ ಗಡಿಯಾರವನ್ನು 64ರ ಪ್ರಿಸ್ಕೇಲರ್ 250 ಕಿಲೋಹರ್ಟ್ಝ್‌ಗೆ ಇಳಿಸುತ್ತದೆ. ಸಿಟಿಸಿ ಮೋಡಿನಲ್ಲಿ `OCR2A` ರಿಜಿಸ್ಟರಿಗೆ 249 ಬರೆದರೆ 250 ಎಣಿಕೆಗೊಮ್ಮೆ, ಅಂದರೆ ಸರಿಯಾಗಿ ಒಂದು ಮಿಲಿಸೆಕೆಂಡಿಗೊಮ್ಮೆ ಇಂಟರಪ್ಟ್ ಬರುತ್ತದೆ. ಅದೇ ಇಂಟರಪ್ಟಿನಲ್ಲಿ ಗಡಿಯಾರದ ಸೆಕೆಂಡುಗಳನ್ನೂ ಎಣಿಸುವ ಉದ್ದೇಶವಿದ್ದರೆ ಈ ನಿಖರತೆ ಬೇಕೇ ಬೇಕು.

ಆರ್ಡುಯಿನೋ ಪರಿಸರದಲ್ಲಿ ಬರೆಯುವವರಿಗೆ ಇನ್ನೊಂದು ದಾರಿಯೂ ಇದೆ, ಅದು ತಿಳಿದಿರುವವರು ಕಡಿಮೆ. ಅಲ್ಲಿ ಟೈಮರ್ 0 ಈಗಾಗಲೇ `millis()` ಸಲುವಾಗಿ 1.024 ಮಿಲಿಸೆಕೆಂಡಿಗೊಮ್ಮೆ ಸುತ್ತುತ್ತಿರುತ್ತದೆ. ಅದರ ಸೆಟ್ಟಿಂಗ್‌ಗಳನ್ನು ಮುಟ್ಟದೆ, `TIMSK0` ರಿಜಿಸ್ಟರಿನಲ್ಲಿ `OCIE0A` ಬಿಟ್ಟನ್ನು ಮಾತ್ರ ಏರಿಸಿದರೆ ಪ್ರತಿ ಸುತ್ತಿಗೂ ಒಂದು ಹೆಚ್ಚುವರಿ ಇಂಟರಪ್ಟ್ ಸಿಗುತ್ತದೆ, `millis()` ಎಂದಿನಂತೆ ನಡೆಯುತ್ತದೆ. ಡಿಸ್‌ಪ್ಲೇಗೆ 1.000 ಆದರೇನು, 1.024 ಆದರೇನು, ವ್ಯತ್ಯಾಸವಿಲ್ಲ. `tone()` ಬಳಸಿ ಬಜರ್ ಕೂಗಿಸಬೇಕಾದ ಪ್ರಾಜೆಕ್ಟಿನಲ್ಲಿ ಇದೇ ಸರಿಯಾದ ಆಯ್ಕೆ, ಏಕೆಂದರೆ `tone()` ಟೈಮರ್ 2 ಅನ್ನು ತನ್ನದಾಗಿಸಿಕೊಳ್ಳುತ್ತದೆ. ಟೈಮರ್ 2 ಅನ್ನು ಡಿಸ್‌ಪ್ಲೇಗೆ ಕೊಟ್ಟರೆ 3 ಮತ್ತು 11ನೇ ಪಿನ್‌ಗಳ `analogWrite()` ಕೂಡ ಕೈಬಿಡಬೇಕಾಗುತ್ತದೆ.

## ಅಂಕೆಯ ತಂತಿಯನ್ನು ಸ್ವಿಚ್ ಮಾಡುವುದು

ಹೆಚ್ಚಿನ ಯೋಚನೆ ಬೇಕಾಗಿರುವುದು ಇಲ್ಲಿ. ಸೆಗ್ಮೆಂಟಿನ ತಂತಿಯಲ್ಲಿ ಹರಿಯುವುದು ಒಂದು ಎಲ್‌ಇಡಿಯ ಕರೆಂಟು, ಅಂಕೆಯ ತಂತಿಯಲ್ಲಿ ಹರಿಯುವುದು ಎಂಟು ಎಲ್‌ಇಡಿಗಳ ಒಟ್ಟು ಕರೆಂಟು. ಎಟಿಮೆಗಾದ ಒಂದು ಪಿನ್ ತಾಳಬಲ್ಲ ಗರಿಷ್ಠ ಮಿತಿ 40 ಮಿಲಿಆಂಪಿಯರ್. ಅದು ಹಾನಿಯ ಗೆರೆಯಾದ್ದರಿಂದ ವಿನ್ಯಾಸವನ್ನು 20ರ ಆಸುಪಾಸಿನಲ್ಲಿ ನಿಲ್ಲಿಸುವುದು ಒಳ್ಳೆಯದು.

ಅಂಕೆಯ ತಂತಿಯನ್ನು ನೇರವಾಗಿ ಪಿನ್ನಿಗೆ ಜೋಡಿಸುವುದಾದರೆ, ಆ 20 ಮಿಲಿಆಂಪಿಯರನ್ನು ಎಂಟು ಸೆಗ್ಮೆಂಟ್‌ಗಳಿಗೆ ಹಂಚಿದಾಗ ತಲಾ 2.5 ಬರುತ್ತದೆ. ನಾಲ್ಕು ಸರದಿಗಳಲ್ಲಿ ಒಂದರಲ್ಲಿ ಮಾತ್ರ ಉರಿಯುವುದರಿಂದ ಸರಾಸರಿ 0.6 ಮಿಲಿಆಂಪಿಯರ್ ಮಾತ್ರ. ಹೆಚ್ಚು ಪ್ರಕಾಶ ಕೊಡುವ ಹೊಸ ಬಗೆಯ ಡಿಸ್‌ಪ್ಲೇಯನ್ನು ಕೋಣೆಯ ಒಳಗೆ ಓದಲು ಇಷ್ಟು ಸಾಕಾಗಬಹುದು. ಆದರೆ ಪಿನ್ನಿನೊಳಗಿನ ಪ್ರತಿರೋಧದಿಂದಾಗಿ ಕರೆಂಟು ಹೆಚ್ಚಿದಂತೆ ಪಿನ್ನಿನ ವೋಲ್ಟೇಜ್ ಏರುತ್ತದೆ. ಹೀಗಾಗಿ ಎರಡೇ ಸೆಗ್ಮೆಂಟ್ ಇರುವ 1 ಪ್ರಖರವಾಗಿಯೂ ಏಳು ಸೆಗ್ಮೆಂಟ್ ಇರುವ 8 ಮಂಕಾಗಿಯೂ ಕಾಣುತ್ತವೆ. ರೆಸಿಸ್ಟರುಗಳನ್ನು ಉಳಿಸಲು ಎಂಟು ಸೆಗ್ಮೆಂಟ್ ತಂತಿಗಳ ಬದಲು ನಾಲ್ಕು ಅಂಕೆಯ ತಂತಿಗಳಲ್ಲಿ ರೆಸಿಸ್ಟರ್ ಹಾಕಿದರೆ ಇದೇ ದೋಷ ಇನ್ನೂ ಢಾಳಾಗಿ ಕಾಣುತ್ತದೆ. 1181 ಎಂದು ತೋರಿಸಿ ನೋಡಿದರೆ ಸಾಕು, ಎಲ್ಲ ಗೊತ್ತಾಗುತ್ತದೆ.

ಕಾಮನ್ ಕ್ಯಾಥೋಡ್ ಡಿಸ್‌ಪ್ಲೇಗೆ ಪ್ರತಿ ಅಂಕೆಗೊಂದು ಎನ್‌ಪಿಎನ್ ಟ್ರಾನ್ಸಿಸ್ಟರ್ ಇಡುವುದು ನಾನು ಮೊದಲು ಸೂಚಿಸುವ ದಾರಿ. ಅದರ ಲೆಕ್ಕ ಹೀಗಿದೆ. 5 ವೋಲ್ಟಿನಲ್ಲಿ ಕೆಂಪು ಎಲ್‌ಇಡಿಗೆ ಸುಮಾರು 2, ಟ್ರಾನ್ಸಿಸ್ಟರಿಗೆ 0.2, ಸೆಗ್ಮೆಂಟ್ ಪಿನ್ನಿಗೆ 0.3ರಷ್ಟು ಹೋಗಿ ರೆಸಿಸ್ಟರಿಗೆ 2.5 ವೋಲ್ಟ್ ಉಳಿಯುತ್ತದೆ. 270 ಓಮ್ ಹಾಕಿದರೆ ಪ್ರತಿ ಸೆಗ್ಮೆಂಟಿಗೆ ಸುಮಾರು 9 ಮಿಲಿಆಂಪಿಯರ್, ಎಂಟೂ ಉರಿದಾಗ ಸುಮಾರು 74. ಬೇಸಿಗೆ 1 ಕಿಲೋ ಓಮ್ ಹಾಕಿದರೆ 4.3 ಮಿಲಿಆಂಪಿಯರ್ ಸಿಗುತ್ತದೆ, ಟ್ರಾನ್ಸಿಸ್ಟರ್ ಪೂರ್ತಿಯಾಗಿ ತೆರೆಯಲು ಅಷ್ಟು ಸಾಕು. ಬಿಸಿ547ರ ಮಿತಿ 100 ಮಿಲಿಆಂಪಿಯರ್ ಆದ್ದರಿಂದ ಅದೂ ನಡೆಯುತ್ತದೆ, ಆದರೆ 800 ಮಿಲಿಆಂಪಿಯರ್ ತಾಳುವ ಬಿಸಿ337 ಇದ್ದರೆ ಚಿಂತೆಯೇ ಇರುವುದಿಲ್ಲ. ಸರಾಸರಿ 2.3 ಮಿಲಿಆಂಪಿಯರ್ ಬರುವುದರಿಂದ ಕೋಣೆಯ ಬೆಳಕಿನಲ್ಲಿ ಅಂಕೆಗಳು ಸ್ಪಷ್ಟವಾಗಿ ಕಾಣುತ್ತವೆ.

ಪ್ರಕಾಶ ಹೆಚ್ಚಿಸಲು ರೆಸಿಸ್ಟರನ್ನು ಇನ್ನೂ ಇಳಿಸಬಹುದಲ್ಲವೇ ಎಂದು ಕೇಳಬಹುದು. ಕಾಲು ಭಾಗ ಸಮಯ ಮಾತ್ರ ಉರಿಯುವುದರಿಂದ 40 ಮಿಲಿಆಂಪಿಯರ್ ಹರಿಸಿದರೂ ಸರಾಸರಿ 10 ಮಾತ್ರ ಎಂಬ ವಾದ ಕಾಗದದ ಮೇಲೆ ಸರಿ. ಆದರೆ ಅದು ಇಂಟರಪ್ಟ್ ಎಂದೂ ನಿಲ್ಲುವುದಿಲ್ಲ ಎಂಬ ನಂಬಿಕೆಯ ಮೇಲೆ ನಿಂತಿದೆ. ಡೀಬಗರ್ ಒಂದು ಸಾಲಿನಲ್ಲಿ ಪ್ರೋಗ್ರಾಂ ನಿಲ್ಲಿಸಿದಾಗ, ಅಥವಾ ಇಂಟರಪ್ಟ್ ಮುಚ್ಚಿದ ಸ್ಥಿತಿಯಲ್ಲಿ ಪ್ರೋಗ್ರಾಂ ಸಿಕ್ಕಿಹಾಕಿಕೊಂಡಾಗ, ಒಂದು ಅಂಕೆ ಆ 40 ಮಿಲಿಆಂಪಿಯರನ್ನು ಎಡೆಬಿಡದೆ ಹೊರಬೇಕಾಗುತ್ತದೆ. ಸಾಮಾನ್ಯ ಡಿಸ್‌ಪ್ಲೇಯ ಸೆಗ್ಮೆಂಟ್ ನಿರಂತರವಾಗಿ ತಾಳುವುದು 20ರಿಂದ 25 ಮಿಲಿಆಂಪಿಯರ್. ಆದ್ದರಿಂದ ಸರದಿ ನಿಂತುಹೋದರೂ ಸುಡದಷ್ಟು ಕರೆಂಟಿಗೆ ರೆಸಿಸ್ಟರ್ ಆರಿಸಬೇಕು ಎಂಬುದರಲ್ಲಿ ನಾನು ರಾಜಿಗೆ ಸಿದ್ಧನಿಲ್ಲ.

ಕಾಮನ್ ಆನೋಡ್ ಡಿಸ್‌ಪ್ಲೇಗೆ ಪಿಎನ್‌ಪಿ ಟ್ರಾನ್ಸಿಸ್ಟರ್ ಬೇಕು, ಆಗ ಪಿನ್ ತಗ್ಗಿದರೆ ಅಂಕೆ ಉರಿಯುತ್ತದೆ, ಏರಿದರೆ ಆರುತ್ತದೆ. ಡಿಸ್‌ಪ್ಲೇ ಮತ್ತು ಮೈಕ್ರೋಕಂಟ್ರೋಲರ್ ಎರಡೂ 5 ವೋಲ್ಟಿನಲ್ಲಿದ್ದರೆ ಎರಡು ಬಗೆಗಳಲ್ಲಿ ಮೇಲು ಕೀಳು ಇಲ್ಲ. ಆದರೆ ಮೈಕ್ರೋಕಂಟ್ರೋಲರ್ 3.3 ವೋಲ್ಟಿನದಾಗಿ ಡಿಸ್‌ಪ್ಲೇ 5 ವೋಲ್ಟಿನದಾಗಿದ್ದರೆ ಪಿಎನ್‌ಪಿ ಆರುವುದೇ ಇಲ್ಲ. ಪಿನ್ ಪೂರ್ತಿ ಏರಿದರೂ ಬೇಸು ಎಮಿಟರಿಗಿಂತ 1.7 ವೋಲ್ಟ್ ಕೆಳಗಿರುತ್ತದೆ, ಟ್ರಾನ್ಸಿಸ್ಟರ್ ತೆರೆದಿರಲು 0.7 ಸಾಕು. ನಾಲ್ಕು ಅಂಕೆಗಳೂ ಸದಾ ಉರಿಯುತ್ತ, ಎಲ್ಲ ವಿನ್ಯಾಸಗಳೂ ಒಂದರ ಮೇಲೊಂದು ಬಿದ್ದು ಮಂಕಾದ 8ರ ಸಾಲಿನಂತೆ ಕಂಡರೆ ಕಾರಣ ಇದೇ ಆಗಿರುವ ಸಾಧ್ಯತೆ ಹೆಚ್ಚು. ಅಲ್ಲಿ ಪ್ರತಿ ಪಿಎನ್‌ಪಿಯ ಹಿಂದೆ ಒಂದು ಎನ್‌ಪಿಎನ್ ಸೇರಿಸಬೇಕು, ಇಲ್ಲವೇ ಕಾಮನ್ ಕ್ಯಾಥೋಡ್ ಡಿಸ್‌ಪ್ಲೇಗೆ ಬದಲಾಯಿಸಬೇಕು. ಎರಡನೆಯದೇ ಸರಳ.

## ಇಂಟರಪ್ಟಿನೊಳಗಿನ ಕ್ರಮ ಮತ್ತು ನೆರಳು

ಹನ್ನೆರಡು ಪಿನ್‌ಗಳನ್ನು ಹಂಚುವಾಗ ಎಂಟು ಸೆಗ್ಮೆಂಟ್‌ಗಳನ್ನು `PORTD` ಒಂದಕ್ಕೇ ಜೋಡಿಸುವ ಆಸೆ ಸಹಜ, ಒಂದೇ ಸಾಲಿನಲ್ಲಿ ಬರೆಯಬಹುದು. ಆದರೆ ಅದರ ಮೊದಲ ಎರಡು ಪಿನ್‌ಗಳು ಸೀರಿಯಲ್ ಸಂಪರ್ಕದವು. ಅವನ್ನು ಬಿಟ್ಟು ಆರು ಸೆಗ್ಮೆಂಟ್‌ಗಳನ್ನು `PD2`ರಿಂದ `PD7`ಕ್ಕೂ, ಉಳಿದೆರಡನ್ನು `PB0`, `PB1`ಕ್ಕೂ, ಅಂಕೆಗಳನ್ನು `PC0`ರಿಂದ `PC3`ಕ್ಕೂ ಜೋಡಿಸಿದರೆ ಸೀರಿಯಲ್ ಮತ್ತು ಎಸ್‌ಪಿಐ ಎರಡೂ ಉಳಿಯುತ್ತವೆ.

```c
volatile uint8_t buf[4];

void timer2_init(void) {
    TCCR2A = (1 << WGM21);
    TCCR2B = (1 << CS22);
    OCR2A  = 249;
    TIMSK2 = (1 << OCIE2A);
}

ISR(TIMER2_COMPA_vect) {
    static uint8_t d = 0;
    PORTC &= 0xF0;
    _delay_us(5);
    d = (d + 1) & 3;
    uint8_t s = buf[d];
    PORTD = (PORTD & 0x03) | (uint8_t)(s << 2);
    PORTB = (PORTB & 0xFC) | (s >> 6);
    PORTC |= (1 << d);
}
```

ಈ ಸಾಲುಗಳ ಕ್ರಮ ಬಹಳ ಮುಖ್ಯ: ಮೊದಲು ನಾಲ್ಕೂ ಅಂಕೆಗಳನ್ನು ಆರಿಸಬೇಕು, ಆಮೇಲೆ ಸೆಗ್ಮೆಂಟ್ ಬದಲಿಸಬೇಕು, ಕೊನೆಗೆ ಹೊಸ ಅಂಕೆಯನ್ನು ಬೆಳಗಿಸಬೇಕು. ಕ್ರಮ ತಪ್ಪಿದರೆ ಒಂದು ಅಂಕೆಯ ಆಕಾರ ಪಕ್ಕದ ಅಂಕೆಯಲ್ಲಿ ಮಸುಕಾದ ನೆರಳಾಗಿ ಬೀಳುತ್ತದೆ. ನೆರಳು ಯಾವ ಕಡೆಗೆ ಬಿದ್ದಿದೆ ಎಂಬುದೇ ದೋಷ ಎಲ್ಲಿದೆ ಎಂದು ಹೇಳುತ್ತದೆ. ಪರೀಕ್ಷಿಸಲು, ಸರದಿಯಲ್ಲಿ ಎರಡನೆಯದಾದ ಅಂಕೆಯಲ್ಲಿ 8 ಇಟ್ಟು ಉಳಿದ ಮೂರನ್ನು ಖಾಲಿ ಬಿಡಿ, ಕತ್ತಲೆ ಕೋಣೆಯಲ್ಲಿ ನೋಡಿ. ನೆರಳು ಮೂರನೆಯ ಅಂಕೆಯಲ್ಲಿ ಬಿದ್ದಿದ್ದರೆ, ಸೆಗ್ಮೆಂಟ್ ಬದಲಾಗುವ ಮೊದಲೇ ಹೊಸ ಅಂಕೆ ಹೊತ್ತಿಕೊಂಡಿದೆ ಎಂದರ್ಥ, ದೋಷ ಪ್ರೋಗ್ರಾಮಿನ ಕ್ರಮದಲ್ಲಿದೆ. ನೆರಳು ಮೊದಲನೆಯ ಅಂಕೆಯಲ್ಲಿ ಬಿದ್ದಿದ್ದರೆ, ಹಳೆಯ ಅಂಕೆ ಪೂರ್ತಿ ಆರುವ ಮೊದಲೇ ಹೊಸ ಸೆಗ್ಮೆಂಟ್‌ಗಳು ಬಂದಿವೆ. ಪ್ರೋಗ್ರಾಮಿನ ಕ್ರಮ ಸರಿಯಿದ್ದರೂ ಈ ಎರಡನೆಯ ಬಗೆ ಕಾಣಿಸಿಕೊಳ್ಳಬಹುದು, ಏಕೆಂದರೆ ಪೂರ್ತಿ ತೆರೆದ ಟ್ರಾನ್ಸಿಸ್ಟರ್ ಬೇಸಿನ ಕರೆಂಟು ನಿಂತ ಕೂಡಲೇ ಆರುವುದಿಲ್ಲ. ಮೇಲಿನ 5 ಮೈಕ್ರೋಸೆಕೆಂಡಿನ ಕಾಯುವಿಕೆ ಅದಕ್ಕಾಗಿಯೇ ಇದೆ. ಇಂಟರಪ್ಟಿನೊಳಗೆ ಕಾಯಬಾರದು ಎಂಬ ನಿಯಮ ಒಳ್ಳೆಯದೇ, ಆದರೆ ಸಾವಿರ ಮೈಕ್ರೋಸೆಕೆಂಡಿನಲ್ಲಿ ಐದು ಎಂದರೆ ಶೇಕಡ ಅರ್ಧ, ಇಲ್ಲಿ ಅದನ್ನು ಧಾರಾಳವಾಗಿ ಕೊಡಬಹುದು. ಬೇಸಿಗೆ 10 ಕಿಲೋ ಓಮ್‌ನಂತಹ ದೊಡ್ಡ ರೆಸಿಸ್ಟರ್ ಹಾಕಿದವರಿಗೆ ಐದು ಸಾಲದೇ ಹೋಗಬಹುದು, ಆಗ ಕಾಯುವಿಕೆಯನ್ನು ಬೆಳೆಸುವ ಬದಲು ರೆಸಿಸ್ಟರನ್ನು ಇಳಿಸುವುದೇ ಸರಿ.

ಪಿನ್‌ಗಳನ್ನು ಹೀಗೆ ಹಂಚಿದಾಗ ಒಂದು ಎಚ್ಚರ ಬೇಕು. ಮುಖ್ಯ ಲೂಪು `PORTB`ಯಲ್ಲಿ ಒಂದೇ ಬಿಟ್ಟನ್ನು ಬದಲಿಸಿದರೆ ಕಂಪೈಲರ್ ಅದನ್ನು ಒಂದೇ ಸೂಚನೆಯಾಗಿಸುತ್ತದೆ. ಎರಡು ಬಿಟ್ಟುಗಳನ್ನು ಒಟ್ಟಿಗೆ ಬದಲಿಸಿದರೆ ಓದು, ತಿದ್ದು, ಬರೆ ಎಂಬ ಮೂರು ಹಂತಗಳಾಗುತ್ತವೆ. ನಡುವೆ ಇಂಟರಪ್ಟ್ ಬಂದರೆ ಅದು ಬರೆದ ಸೆಗ್ಮೆಂಟ್ ಬಿಟ್ಟುಗಳ ಮೇಲೆ ಲೂಪು ಹಳೆಯ ಬೆಲೆಯನ್ನು ಬರೆದುಬಿಡುತ್ತದೆ. ಆಗೊಮ್ಮೆ ಈಗೊಮ್ಮೆ ಮಧ್ಯದ ಗೀಟು ಅಥವಾ ಚುಕ್ಕಿ ಮಾತ್ರ ಕಾರಣವಿಲ್ಲದೆ ಮಿಣುಕಿದರೆ ಇದನ್ನೇ ಹುಡುಕಬೇಕು.

## ಪಿನ್‌ಗಳು ಸಾಲದಿದ್ದರೆ

74ಎಚ್‌ಸಿ595 ಶಿಫ್ಟ್ ರಿಜಿಸ್ಟರನ್ನು ಬಳಸುವವರು ಸಾಮಾನ್ಯವಾಗಿ ಎರಡು ಚಿಪ್ಪುಗಳನ್ನು ಸರಪಣಿ ಹಾಕಿ ಸೆಗ್ಮೆಂಟ್‌ಗಳನ್ನೂ ಅಂಕೆಗಳನ್ನೂ ಅವುಗಳ ಮೂಲಕವೇ ನಡೆಸುತ್ತಾರೆ, ಮೂರೇ ಪಿನ್‌ಗಳಲ್ಲಿ ಕೆಲಸ ಮುಗಿಯುತ್ತದೆ. ಆದರೆ ನೆರಳು ತಪ್ಪಿಸಲು ಪ್ರತಿ ಸರದಿಯಲ್ಲೂ ಮೊದಲು ಖಾಲಿ ವಿನ್ಯಾಸವನ್ನೂ ನಂತರ ನಿಜವಾದದ್ದನ್ನೂ ಕಳಿಸಬೇಕು, ಅಂದರೆ ನಾಲ್ಕು ಬೈಟು. 4 ಮೆಗಾಹರ್ಟ್ಝ್ ಎಸ್‌ಪಿಐ ಬಳಸಿದರೆ ಇದಕ್ಕೆ ಬೇಕಾದದ್ದು ಹತ್ತಿಪ್ಪತ್ತು ಮೈಕ್ರೋಸೆಕೆಂಡು. ಆರ್ಡುಯಿನೋದ `shiftOut()` ಬಳಸಿದರೆ ಒಂದು ಬೈಟಿಗೇ ಸುಮಾರು ನೂರು ಮೈಕ್ರೋಸೆಕೆಂಡು ಹಿಡಿಯುತ್ತದೆ, ನಾಲ್ಕು ಬೈಟುಗಳಲ್ಲಿ ಒಂದು ಮಿಲಿಸೆಕೆಂಡಿನ ಸರದಿಯ ಅರ್ಧದಷ್ಟು ಮುಗಿದುಹೋಗುತ್ತದೆ. ಮುಖ್ಯ ಲೂಪು ಅರ್ಧ ವೇಗಕ್ಕೆ ಇಳಿಯಿತೆಂದರೆ ಇಂಟರಪ್ಟ್ ಬಳಸಿದ ಉದ್ದೇಶವೇ ಸೋತಂತೆ.

ಇವೆರಡಕ್ಕಿಂತ ನನಗೆ ಹೆಚ್ಚು ಒಪ್ಪಿಗೆಯಾದದ್ದು ನಡುವಿನ ದಾರಿ: ಸೆಗ್ಮೆಂಟ್‌ಗಳಿಗೆ ಮಾತ್ರ ಒಂದು 595, ನಾಲ್ಕು ಅಂಕೆಗಳ ಟ್ರಾನ್ಸಿಸ್ಟರ್‌ಗಳು ಮೈಕ್ರೋಕಂಟ್ರೋಲರಿನ ಪಿನ್‌ಗಳಲ್ಲೇ. ಏಳು ಪಿನ್ ಸಾಕು, ಅಂಕೆಗಳನ್ನು ಒಂದೇ ಸಾಲಿನಲ್ಲಿ ಆರಿಸಬಹುದು, ಕಳಿಸಬೇಕಾದದ್ದು ಒಂದೇ ಬೈಟು. ಟ್ರಾನ್ಸಿಸ್ಟರ್ ಆರಲು ಬೇಕಾದ ಸಮಯವೂ ಆ ಬೈಟು ಹೋಗುವಷ್ಟರಲ್ಲಿ ತಾನಾಗಿ ಸಿಗುತ್ತದೆ. ಈ ಚಿಪ್ಪಿನ ಒಟ್ಟು ಕರೆಂಟಿನ ಮಿತಿ 70 ಮಿಲಿಆಂಪಿಯರ್ ಆದ್ದರಿಂದ ರೆಸಿಸ್ಟರುಗಳನ್ನು 270ರಿಂದ 330 ಓಮ್‌ಗೆ ಏರಿಸಬೇಕು. ಅದೇ ಎಸ್‌ಪಿಐ ತಂತಿಗಳಲ್ಲಿ ಎಸ್‌ಡಿ ಕಾರ್ಡ್ ಇದ್ದರೆ ಮಾತ್ರ ಈ ಆಯ್ಕೆ ಹೊಂದುವುದಿಲ್ಲ. ಕಾರ್ಡಿನ ಬೈಟು ಅರ್ಧ ಹೋಗಿರುವಾಗ ಇಂಟರಪ್ಟ್ ನುಗ್ಗಿ ತನ್ನ ಬೈಟನ್ನು ಕಳಿಸಿದರೆ ಎರಡೂ ಕೆಡುತ್ತವೆ.

ಇಂಟರಪ್ಟನ್ನೇ ಕೈಬಿಡಬೇಕಾದ ಸಂದರ್ಭವೂ ಒಂದಿದೆ. ಡಬ್ಲ್ಯುಎಸ್2812 ಬಣ್ಣದ ಎಲ್‌ಇಡಿ ಪಟ್ಟಿಗಳ ಲೈಬ್ರರಿಗಳು ಈ ಚಿಪ್ಪಿನಲ್ಲಿ ದತ್ತಾಂಶ ಕಳಿಸುವಾಗ ಇಂಟರಪ್ಟ್‌ಗಳನ್ನು ಮುಚ್ಚುತ್ತವೆ. ಒಂದು ಎಲ್‌ಇಡಿಗೆ 30 ಮೈಕ್ರೋಸೆಕೆಂಡು, 60 ಎಲ್‌ಇಡಿಗಳಿಗೆ 1.8 ಮಿಲಿಸೆಕೆಂಡು. ಅಷ್ಟು ಹೊತ್ತು ಸರದಿ ಬದಲಾಗುವುದಿಲ್ಲ. ಮುಚ್ಚಿರುವಾಗ ಬಂದ ಟೈಮರ್ ಇಂಟರಪ್ಟ್‌ಗಳಲ್ಲಿ ಒಂದು ಮಾತ್ರ ಬಾಕಿ ಉಳಿಯುತ್ತದೆ, ಅದಕ್ಕಿಂತ ಹೆಚ್ಚಿನವು ಕಳೆದುಹೋಗುತ್ತವೆ. ಪಟ್ಟಿ ಸೆಕೆಂಡಿಗೆ ಮೂವತ್ತು ಸಲ ಬದಲಾಗುತ್ತಿದ್ದರೆ ಅಂಕೆಗಳು ಅಷ್ಟೇ ಸಲ ತಡವರಿಸುತ್ತವೆ, ಟೈಮರಿನ ಯಾವ ಸೆಟ್ಟಿಂಗೂ ಇದನ್ನು ಸರಿಪಡಿಸಲಾರದು. ಆಗ ಸರದಿಯನ್ನು ತಾನೇ ನೋಡಿಕೊಳ್ಳುವ ಡ್ರೈವರ್ ಚಿಪ್ಪು ಬೇಕು. ಮ್ಯಾಕ್ಸ್7219 ಕಾಮನ್ ಕ್ಯಾಥೋಡ್ ಡಿಸ್‌ಪ್ಲೇಗೆ, ಟಿಎಂ1637 ಕಾಮನ್ ಆನೋಡ್ ಡಿಸ್‌ಪ್ಲೇಗೆ. ಮ್ಯಾಕ್ಸ್7219ಕ್ಕೆ ಸೆಗ್ಮೆಂಟ್ ರೆಸಿಸ್ಟರುಗಳೂ ಬೇಡ, ಕರೆಂಟನ್ನು ಒಂದೇ ರೆಸಿಸ್ಟರ್ ನಿಗದಿಪಡಿಸುತ್ತದೆ. ಆದರೆ ಅದರ ಒಳಹರಿವಿನ ಪಿನ್‌ಗಳು ಏರಿದ ಸ್ಥಿತಿಗೆ ಕನಿಷ್ಠ 3.5 ವೋಲ್ಟ್ ಕೇಳುವುದರಿಂದ, 3.3 ವೋಲ್ಟಿನ ಮೈಕ್ರೋಕಂಟ್ರೋಲರಿಗೆ ಅದನ್ನು ನೇರವಾಗಿ ಜೋಡಿಸದೆ ನಡುವೆ ವೋಲ್ಟೇಜ್ ಏರಿಸುವ ಲೆವೆಲ್ ಶಿಫ್ಟರ್ ಒಂದನ್ನು ಇಡಬೇಕಾಗುತ್ತದೆ.